ಪಾಲು ಎಷ್ಟು, ಕೈಗೆ ಯಾವಾಗ?

ತಾಲ್ಲೂಕು ಕೇಂದ್ರವೊಂದರಲ್ಲಿ ಮೂವರು ಸೇರಿ ನಡೆಸುವ ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಭಾವ ಹಾಕಿದ್ದು 10 ಲಕ್ಷ, ನಿವೃತ್ತ ಮೇಷ್ಟ್ರು 6 ಲಕ್ಷ. ದಿನವೂ ಬಾಗಿಲು ತೆಗೆದು ಗಲ್ಲಾದಲ್ಲಿ ಕೂರುವ ಬಾಮೈದನದು 4 ಲಕ್ಷ. ಲಾಭದಲ್ಲಿ ಭಾವನಿಗೆ ನೂರಕ್ಕೆ 40, ಉಳಿದಿಬ್ಬರಿಗೆ ತಲಾ 30. 2025-26ರ ಲೆಕ್ಕ ಮುಗಿದಾಗ ಅಂಗಡಿ 12 ಲಕ್ಷ ಲಾಭ ಮಾಡಿದೆ ಎಂದು ಆಡಿಟರ್ ಹೇಳುತ್ತಾರೆ. ಭಾವ ಮನಸ್ಸಿನಲ್ಲೇ ಗುಣಿಸುತ್ತಾರೆ: 4,80,000. ಆದರೆ ಜೂನ್ ತಿಂಗಳಲ್ಲಿ ಅವರ ಖಾತೆಗೆ ಬೀಳುವುದು 69,816 ರೂಪಾಯಿ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಮೊತ್ತವನ್ನಷ್ಟೇ ತಿಳಿಸಿ ಸುಮ್ಮನಾದರೆ ಅದು ಮೋಸದಂತೆಯೇ ಕಾಣುತ್ತದೆ. ಆ ದೊಡ್ಡ ಅಂಕಿ ಈ ಸಣ್ಣ ಅಂಕಿಯಾದ ದಾರಿಯನ್ನು ಪಾಲುದಾರರಿಗೆ ಬರೆಯುವ ಸಂದೇಶ ಒಂದೊಂದೇ ಹೆಜ್ಜೆಯಾಗಿ ತೋರಿಸಬೇಕು.

ಎಲ್ಲಕ್ಕೂ ಮೊದಲು ಪಾಲುದಾರಿಕೆ ಪತ್ರವನ್ನು ತೆಗೆದು ಓದಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ, ಒಪ್ಪಂದವಿಲ್ಲದಿದ್ದರೆ ಲಾಭವೂ ನಷ್ಟವೂ ಎಲ್ಲರಿಗೂ ಸಮ. ಯಾರು ಎಷ್ಟು ದುಡ್ಡು ಹಾಕಿದರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಡೀ ದಿನ ದುಡಿದವನಿಗೂ ಒಪ್ಪಂದವಿಲ್ಲದೆ ಸಂಬಳ ಕೇಳುವ ಹಕ್ಕಿಲ್ಲ. ಬಂಡವಾಳಕ್ಕೆ ಬಡ್ಡಿ ಕೊಡಬೇಕೆಂದು ಒಪ್ಪಿಕೊಂಡಿದ್ದರೂ ಅದನ್ನು ಲಾಭದೊಳಗಿಂದಲೇ ಕೊಡಬೇಕು. ಬಾಯಿಮಾತಿನ ಮೇಲೆ ವರ್ಷಗಟ್ಟಲೆ ನಡೆದ ಅಂಗಡಿಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ನಮ್ಮ ಮೂವರ ಪತ್ರದಲ್ಲಿ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಅಂಗಡಿ ನೋಡಿಕೊಳ್ಳುವ ಪಾಲುದಾರನಿಗೆ ತಿಂಗಳಿಗೆ 25,000 ಸಂಬಳ ಎಂದು ಬರೆದಿದೆ. ಬಡ್ಡಿ ಖರ್ಚೆಂದು ತೆರಿಗೆಯ ಲೆಕ್ಕದಲ್ಲಿ ಒಪ್ಪಿಗೆಯಾಗುವುದು ನೂರಕ್ಕೆ 12ರವರೆಗೆ ಮಾತ್ರ. ಸಂಬಳಕ್ಕೂ ಮಿತಿ ಇದೆ. ಬಡ್ಡಿ ಕಳೆದ ಮೇಲಿನ ಲಾಭದಲ್ಲಿ ಮೊದಲ 6 ಲಕ್ಷಕ್ಕೆ ನೂರಕ್ಕೆ 90, ಮಿಕ್ಕಿದ್ದಕ್ಕೆ ನೂರಕ್ಕೆ 60. ಈ ಅಂಗಡಿಯ ಸಂಬಳ ಆ ಮಿತಿಗಿಂತ ಬಹಳ ಕೆಳಗಿದೆ.

ಈಗ 12 ಲಕ್ಷದಿಂದ ಇಳಿಯೋಣ. 20 ಲಕ್ಷ ಬಂಡವಾಳದ ಬಡ್ಡಿ 2,40,000, ಸಂಬಳ 3,00,000. ಎರಡನ್ನೂ ಕಳೆದರೆ 6,60,000. ಇದರ ಮೇಲೆ ಪಾಲುದಾರಿಕೆ ಸಂಸ್ಥೆ ನೂರಕ್ಕೆ 30 ತೆರಿಗೆ ಕಟ್ಟಬೇಕು, ಆ ತೆರಿಗೆಯ ಮೇಲೆ ನೂರಕ್ಕೆ 4 ಸೆಸ್ ಬೇರೆ. ಒಟ್ಟು 2,05,920. ಉಳಿಯುವ 4,54,080 ರೂಪಾಯಿಯೇ ಮೂವರೂ ಹಂಚಿಕೊಳ್ಳುವ ಲಾಭ. ಅದರಲ್ಲಿ ಭಾವನ ಪಾಲು 1,81,632, ಉಳಿದಿಬ್ಬರದು ತಲಾ 1,36,224. ಸಂಸ್ಥೆಯೇ ತೆರಿಗೆ ಕಟ್ಟಿರುವುದರಿಂದ ಈ ಪಾಲಿಗೆ ಅವರ ಕೈಯಲ್ಲಿ ಮತ್ತೆ ತೆರಿಗೆಯಿಲ್ಲ. ಬಡ್ಡಿ ಮತ್ತು ಸಂಬಳದ ಕತೆ ಬೇರೆ. ಅವೆರಡನ್ನೂ ಪಡೆದವರು ತಮ್ಮ ಸ್ವಂತ ರಿಟರ್ನ್‌ನಲ್ಲಿ ಆದಾಯವೆಂದು ತೋರಿಸಬೇಕು. 2025ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಸೇರಿದೆ. ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ, ಬೋನಸ್, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ನೂರಕ್ಕೆ 10 ಟಿಡಿಎಸ್ ಹಿಡಿಯಬೇಕು. ದುಡ್ಡು ಕೈಗೆ ಕೊಡದೆ ಬಂಡವಾಳ ಖಾತೆಗೆ ಜಮಾ ಮಾಡಿದರೂ ಹಿಡಿಯಲೇಬೇಕು. ಲಾಭದ ಪಾಲಿಗೆ ಇದು ಅನ್ವಯಿಸುವುದಿಲ್ಲ. ಬಡ್ಡಿ, ಸಂಬಳ, ಪಾಲು ಈ ಮೂರನ್ನೂ ಕಲಸಿ ಒಂದೇ ಮೊತ್ತವಾಗಿ ಬರೆಯಬಾರದು ಎನ್ನುವುದು ಇದಕ್ಕಾಗಿಯೇ. ಕಲಸಿ ಬರೆದರೆ ಓದಿದವರು ತೆರಿಗೆ ಕಟ್ಟಬೇಕಾದ ದುಡ್ಡಿಗೆ ಕಟ್ಟದೆ ಬಿಡುತ್ತಾರೆ, ಇಲ್ಲವೇ ಬೇಡದ ದುಡ್ಡಿಗೂ ಕಟ್ಟುತ್ತಾರೆ.

ಭಾವನ ಬಡ್ಡಿ 1,20,000. ಟಿಡಿಎಸ್ 12,000 ಕಳೆದು 1,08,000. ಪಾಲು ಸೇರಿದರೆ 2,89,632. ಆದರೆ ಡಿಸೆಂಬರಿನಲ್ಲಿ ಮಗಳ ಮದುವೆಗೆಂದು ಅವರು ಅಂಗಡಿಯಿಂದ 1,50,000 ತೆಗೆದುಕೊಂಡಿದ್ದರು. ಅದನ್ನು ಮುರಿದರೆ ಬರಬೇಕಾದ್ದು 1,39,632. ನಡುವರ್ಷದಲ್ಲಿ ತೆಗೆದ ಇಂಥ ದುಡ್ಡನ್ನು ತಾರೀಖಿನ ಸಮೇತ ಬರೆಯಬೇಕು. ಮನೆಯ ಕಾರ್ಯದ ಗಡಿಬಿಡಿಯಲ್ಲಿ ತೆಗೆದದ್ದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ, ನೆನಪಿಸಿದವನು ಕೆಟ್ಟವನಾಗುತ್ತಾನೆ.

ಇಷ್ಟಾದರೂ 69,816ಕ್ಕೆ ಬಂದು ಮುಟ್ಟಲಿಲ್ಲ. ಉಳಿದ ಅಂತರಕ್ಕೆ ಕಾರಣ ಉದ್ರಿ. ಕಂತ್ರಾಟುದಾರನಿಗೆ ಸಿಮೆಂಟು, ಕಬ್ಬಿಣ ಕೊಟ್ಟು ಬಿಲ್ಲು ಬರೆದ ದಿನವೇ ಲಾಭ ಪುಸ್ತಕಕ್ಕೆ ಏರುತ್ತದೆ, ದುಡ್ಡು ಬರುವುದು ತಿಂಗಳುಗಳ ಮೇಲೆ. ಮಾರಾಟವಾಗದೆ ಗೋದಾಮಿನಲ್ಲಿರುವ ಸರಕಿನಲ್ಲೂ ದುಡ್ಡು ಕೂತಿರುತ್ತದೆ. ಹೀಗಾಗಿ ಪಾಲು ಎಷ್ಟು ಎಂಬುದನ್ನು ಲಾಭ-ನಷ್ಟದ ಪಟ್ಟಿ ಹೇಳಿದರೆ, ಯಾವಾಗ ಎಂಬುದನ್ನು ಬ್ಯಾಂಕ್ ಪಾಸ್‌ಬುಕ್ ಹೇಳಬೇಕು. ಮೂವರಿಗೂ ಸೇರಿ ಕೊಡಬೇಕಾದ್ದು 5,20,080. ತೆರಿಗೆಯ ದುಡ್ಡು ತೆಗೆದಿಟ್ಟ ಮೇಲೆ ಬ್ಯಾಂಕಿನಲ್ಲಿ ಇರುವುದು 5,80,000. ಕೊಟ್ಟುಬಿಡಬಹುದಲ್ಲ ಎನಿಸುತ್ತದೆ. ಆದರೆ ಜೂನ್ ತಿಂಗಳಲ್ಲಿ ಸರಕು ಕೊಟ್ಟವರಿಗೆ 3,00,000 ಸಲ್ಲಬೇಕು. ಅದನ್ನು ಮರೆತು ಹಂಚಿದ ಅಂಗಡಿ ಸಾಲದ ದುಡ್ಡನ್ನೇ ಲಾಭವೆಂದು ಹಂಚಿದಂತೆ. ಹಂಚಿಕೆಯ ಮರುವಾರವೇ ಓಡಿ ಖಾತೆಯ ಬಾಕಿ ಏರತೊಡಗಿದರೆ ಹಾಗಾಗಿದೆ ಎಂದು ತಿಳಿಯಬೇಕು.

ಗಲ್ಲಾದಲ್ಲಿ ಕೂರುವ ಪಾಲುದಾರ ಇದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಬಹುದು:

"ಭಾವ, ಮೇಷ್ಟ್ರೇ, ನಮಸ್ಕಾರ. 2025-26ರ ಲೆಕ್ಕ ಮುಗಿದಿದೆ. ಬಡ್ಡಿ, ಸಂಬಳಕ್ಕೆ ಮುಂಚೆ ಲಾಭ 12,00,000. ಬಡ್ಡಿ 2,40,000, ನನ್ನ ಸಂಬಳ 3,00,000, ತೆರಿಗೆ 2,05,920 ಕಳೆದು ಹಂಚುವ ಲಾಭ 4,54,080.
ಭಾವ: ಬಡ್ಡಿ 1,20,000, ಟಿಡಿಎಸ್ 12,000, ಪಾಲು 1,81,632. ಡಿಸೆಂಬರಿನಲ್ಲಿ ತೆಗೆದುಕೊಂಡದ್ದು 1,50,000. ಬರಬೇಕಾದ್ದು 1,39,632.
ಮೇಷ್ಟ್ರು: ಬಡ್ಡಿ 72,000, ಟಿಡಿಎಸ್ 7,200, ಪಾಲು 1,36,224. ಬರಬೇಕಾದ್ದು 2,01,024.
ನಾನು: ಬಡ್ಡಿ 48,000, ಟಿಡಿಎಸ್ 4,800, ಪಾಲು 1,36,224. ಬರಬೇಕಾದ್ದು 1,79,424. ಸಂಬಳ ತಿಂಗಳು ತಿಂಗಳು ತೆಗೆದುಕೊಂಡಾಗಿದೆ, ಅದರ ಟಿಡಿಎಸ್ ಆಗಲೇ ಹಿಡಿದಿದೆ.
ಬ್ಯಾಂಕಿನಲ್ಲಿ 5,80,000 ಇದೆ, ಈ ತಿಂಗಳು ಕಂಪನಿಯವರಿಗೆ 3,00,000 ಕೊಡಬೇಕು. ಅದಕ್ಕೆ ಜೂನ್ 15ರ ಸೋಮವಾರ ಮೂವರಿಗೂ ಅರ್ಧ: ಭಾವನಿಗೆ 69,816, ಮೇಷ್ಟ್ರಿಗೆ 1,00,512, ನನಗೆ 89,712. ಉಳಿದರ್ಧ ಆಗಸ್ಟ್ 14ರ ಶುಕ್ರವಾರ. ಅಷ್ಟರಲ್ಲಿ 6,40,000 ಉದ್ರಿ ವಸೂಲಾಗಬೇಕು. ಪಟ್ಟಿ ಕಳಿಸಿದ್ದೇನೆ. ಏನಾದರೂ ಕೇಳುವುದಿದ್ದರೆ ಜೂನ್ 10ರೊಳಗೆ ತಿಳಿಸಿ, ಪುಸ್ತಕ ಅಂಗಡಿಯಲ್ಲೇ ಇದೆ."

ಬರೆಯುವವನು ತನ್ನ ಪಾಲನ್ನೂ ಅದೇ ಸಾಲಿನಲ್ಲಿ, ಅದೇ ರೀತಿಯಲ್ಲಿ ಇಟ್ಟಿರುವುದನ್ನು ಗಮನಿಸಿ. ಎಲ್ಲರ ಲೆಕ್ಕ ಎಲ್ಲರಿಗೂ ಕಂಡಾಗ ಮಾತ್ರ ಕೂಡಿ ನೋಡಲು ಬರುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಸಂದೇಶ ಕಳಿಸುವ ರೂಢಿ ನನಗೆ ಸರಿ ಕಾಣುವುದಿಲ್ಲ.

ಓದುವ ಮೇಷ್ಟ್ರು ಏನನ್ನು ಪರೀಕ್ಷಿಸಬೇಕು? ಗುಣಾಕಾರವನ್ನಲ್ಲ, ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮಾರ್ಚ್ 31ಕ್ಕೆ ಉಳಿದ ಸರಕಿಗೆ ಕಟ್ಟಿದ ಬೆಲೆಯನ್ನು ನೋಡಬೇಕು. ಸರಕಿನ ಬೆಲೆಯನ್ನು ಒಂದು ಲಕ್ಷ ಏರಿಸಿದರೆ ಲಾಭವೂ ಒಂದು ಲಕ್ಷ ಏರುತ್ತದೆ, ಇಳಿಸಿದರೆ ಅಷ್ಟೇ ಇಳಿಯುತ್ತದೆ. ತುಕ್ಕು ಹಿಡಿದ ಮೊಳೆ, ಗಟ್ಟಿಯಾದ ಸಿಮೆಂಟು ಕೊಂಡ ಬೆಲೆಯಲ್ಲೇ ಪಟ್ಟಿಯಲ್ಲಿದ್ದರೆ ಆ ಲಾಭ ಇಲ್ಲದ ಲಾಭ. ಕೊಂಡ ಬೆಲೆ, ಈಗ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನು ಹಿಡಿಯುವುದು ಕ್ರಮ. ಹಾಗೆಯೇ ಎರಡು ಮೂರು ವರ್ಷದ ಹಳೆಯ ಉದ್ರಿ ಇನ್ನೂ ಬರುವ ದುಡ್ಡೆಂದೇ ನಿಂತಿದೆಯೇ ಎಂದು ಕೇಳಬೇಕು. ಅಂಗಡಿಗೆ ಬಾರದ ಪಾಲುದಾರನಿಗೂ ಪುಸ್ತಕ ತೆರೆದು ನೋಡುವ, ನಕಲು ಪಡೆಯುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ.

ಆಗಸ್ಟ್ ಮೊದಲ ವಾರಕ್ಕೆ 6,40,000ದಲ್ಲಿ 1,50,000 ಮಾತ್ರ ವಸೂಲಾಗಿದ್ದರೆ ಬಾಮೈದ 14ನೇ ತಾರೀಖಿನವರೆಗೆ ಕಾಯದೆ ಎರಡನೇ ಸಂದೇಶ ಬರೆಯಬೇಕು: ಬಂದದ್ದೆಷ್ಟು, ಯಾವ ಬಿಲ್ಲುಗಳು ನಿಂತಿವೆ, ಅಂದು ಎಷ್ಟು ಕೊಡಬಹುದು, ಮಿಕ್ಕಿದ್ದು ಯಾವ ತಾರೀಖಿಗೆ. ಕಡಿಮೆ ಕೊಡುವುದಾದರೆ ಮೂವರಿಗೂ ಬಾಕಿಯ ಅನುಪಾತದಲ್ಲೇ ಕಡಿಮೆ, ತನಗೂ ಸೇರಿ. ಕೊಡದೆ ಉಳಿದದ್ದು ಅವರವರ ಖಾತೆಯಲ್ಲಿ ಜಮೆಯಾಗಿಯೇ ಇರುತ್ತದೆ. ಅದಕ್ಕೆ ಬಡ್ಡಿ ಓಡುತ್ತದೆಯೋ ಇಲ್ಲವೋ ಎಂಬುದನ್ನು ಮತ್ತೆ ಪಾಲುದಾರಿಕೆ ಪತ್ರದಲ್ಲೇ ನೋಡಬೇಕು.