ಸಂಕ್ರಾಂತಿಗೆ ಚಿನ್ನದಂಗಡಿಯ ಶುಭಾಶಯ: ಹಾರೈಕೆ, ವೇಳೆ, ರಿಯಾಯಿತಿ

ಸಂಕ್ರಾಂತಿ ಹತ್ತಿರ ಬಂದಾಗ ಸಣ್ಣ ಚಿನ್ನಬೆಳ್ಳಿ ಅಂಗಡಿಗಳು ತಮ್ಮ ಗಿರಾಕಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಶುಭಾಶಯ ಕಳಿಸುತ್ತವೆ. ಅದನ್ನೇ ಅಚ್ಚು ಹಾಕಿಸಿ ಬಾಗಿಲ ಬಳಿಯೂ ಅಂಟಿಸುತ್ತವೆ. ಇದರಲ್ಲಿ ಮೂರು ಭಾಗಗಳಿರುತ್ತವೆ: ಹಬ್ಬದ ಹಾರೈಕೆ, ಹಬ್ಬದ ದಿನಗಳಲ್ಲಿ ಅಂಗಡಿ ತೆರೆದಿರುವ ವೇಳೆ, ಮತ್ತು ಒಂದು ಸಣ್ಣ ರಿಯಾಯಿತಿ. ಇಷ್ಟನ್ನು ಹತ್ತು ಹನ್ನೆರಡು ಸಾಲಿನಲ್ಲಿ ಹೇಳಬಹುದು. ಆದರೆ ಓದಿದವರು ಅಂಗಡಿಗೆ ಬಂದಾಗ ಬಾಗಿಲು ಮುಚ್ಚಿದ್ದರೆ, ಅಥವಾ ಬಿಲ್ಲಿನಲ್ಲಿ ಅಂದುಕೊಂಡಷ್ಟು ಕಡಿಮೆಯಾಗದಿದ್ದರೆ, ಆ ಸಾಲುಗಳೇ ಜಗಳಕ್ಕೆ ಕಾರಣವಾಗುತ್ತವೆ. ಮಂಡ್ಯದಂಥ ಊರಿನ ಒಂದು ಸಣ್ಣ ಅಂಗಡಿಯನ್ನೂ 2026ರ ಸಂಕ್ರಾಂತಿಯನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಈ ಮೂರು ಭಾಗಗಳನ್ನು ನೋಡಬಹುದು.

ಹಾರೈಕೆ ಆ ಊರಿನ ಹಬ್ಬಕ್ಕೆ ಹೊಂದಬೇಕು. ಮೈಸೂರು, ಮಂಡ್ಯದ ಕಡೆ ಸಂಕ್ರಾಂತಿ ಎಂದರೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಸಕ್ಕರೆ ಅಚ್ಚು, ಕಬ್ಬಿನ ಜೊತೆ ಮನೆಮನೆಗೆ ಬೀರುವುದು. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವುದು. ಉತ್ತರ ಕರ್ನಾಟಕದಲ್ಲಿ ನದಿಸ್ನಾನ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುಂದೆ ಬರುತ್ತವೆ. ಎಲ್ಲೋ ಸಿಕ್ಕಿದ ಸಿದ್ಧ ಚಿತ್ರ ತೆಗೆದು ಉಕ್ಕುವ ಪೊಂಗಲ್ ಮಡಕೆಯ ಕೆಳಗೆ ಅಂಗಡಿಯ ಹೆಸರು ಹಾಕಿದರೆ ಮಂಡ್ಯದ ಓದುಗನಿಗೆ ಅದು ಬೇರೆ ಊರಿನ ಕಾಗದದಂತೆ ಕಾಣುತ್ತದೆ. ಎಳ್ಳು ಬೀರುವಾಗ ಎಲ್ಲರೂ ಆಡುವ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂಬ ಮಾತು ಆ ಕಡೆಯ ಹಾರೈಕೆಗೆ ಸಾಕು. ಅದಕ್ಕೆ ‘ಚಿನ್ನದಂಥ ಮಾತು, ಚಿನ್ನದಂಥ ಒಡವೆ’ ಎಂದು ವ್ಯಾಪಾರ ಜೋಡಿಸಿದರೆ ಹಾರೈಕೆಯ ರುಚಿ ಕೆಡುತ್ತದೆ. ಹಾರೈಕೆಯನ್ನು ಹಾರೈಕೆಯಾಗಿಯೇ ಮುಗಿಸಿ, ವ್ಯಾಪಾರದ ಮಾತನ್ನು ಬೇರೆ ಸಾಲಿನಲ್ಲಿ ಹೇಳುವುದು ಒಳ್ಳೆಯ ಕ್ರಮ.

ಸಂಕ್ರಾಂತಿಗೂ ಒಡವೆಗೂ ನಿಜವಾದ ನಂಟೊಂದಿದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಮದುವೆಯಂಥ ಶುಭಕಾರ್ಯಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಅದು ಕಳೆದ ಮೇಲೆ ಮದುವೆಯ ಮಾತುಕತೆ ಶುರುವಾಗುತ್ತದೆ, ಚಿನ್ನದ ವಿಚಾರವೂ ಜೊತೆಗೇ ಬರುತ್ತದೆ. ಹಬ್ಬದ ದಿನವೇ ಬೇಕಾಗುವುದು ಹೆಚ್ಚಾಗಿ ಸಣ್ಣ ವಸ್ತುಗಳು: ಎಲಚಿ ಹಣ್ಣು, ಕಬ್ಬಿನ ತುಂಡು, ಕಾಸು ಸೇರಿಸಿ ತಲೆಯ ಮೇಲೆ ಎರೆಯುವ ಎಳೆಮಕ್ಕಳಿಗೆ ಬೆಳ್ಳಿಯ ಕಾಲ್ಗೆಜ್ಜೆ, ಎಳ್ಳು ಬೀರುವ ಹೆಣ್ಣುಮಕ್ಕಳಿಗೆ ಓಲೆ, ದೇವರ ಮನೆಗೆ ಕುಂಕುಮದ ಭರಣಿ. ಹೀಗೆ ಗಿರಾಕಿಗಳು ಎರಡು ಗುಂಪಾಗುತ್ತಾರೆ: ಹಬ್ಬಕ್ಕೆ ಮುಂಚೆ ಬಂದು ಸಣ್ಣದನ್ನು ಕೊಳ್ಳುವವರು, ಹಬ್ಬ ಕಳೆದ ಮೇಲೆ ಬಂದು ಮದುವೆಯ ಚಿನ್ನ ನೋಡುವವರು. ವೇಳೆಯನ್ನು ಮೊದಲ ಗುಂಪಿಗೆ ತಕ್ಕಂತೆ, ರಿಯಾಯಿತಿಯ ಅವಧಿಯನ್ನು ಎರಡನೆಯ ಗುಂಪಿಗೂ ಎಟುಕುವಂತೆ ಇಡಬೇಕಾಗುತ್ತದೆ.

ವೇಳೆ ಬರೆಯುವಾಗ ಮೊದಲ ತೊಡಕು ದಿನಾಂಕದ್ದು. ಸಂಕ್ರಾಂತಿ ಜನವರಿ 14ಕ್ಕೂ ಬರುತ್ತದೆ, 15ಕ್ಕೂ ಬರುತ್ತದೆ. 2026ರಲ್ಲಿ ಸೂರ್ಯ ಮಕರ ರಾಶಿಗೆ ಪ್ರವೇಶಿಸಿದ್ದು 14ರ ಮಧ್ಯಾಹ್ನ. ರಾಜ್ಯದ ಸರ್ಕಾರಿ ರಜೆ ಇದ್ದದ್ದು 15ರ ಗುರುವಾರ. ಇಂಥ ವರ್ಷ ‘ಹಬ್ಬದ ದಿನ ಅರ್ಧ ದಿನ ತೆರೆದಿರುತ್ತದೆ’ ಎಂದಷ್ಟೇ ಬರೆದರೆ ಒಬ್ಬರು ಬುಧವಾರ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಗುರುವಾರ ಎಂದುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಸಾಲಿನಲ್ಲೂ ತಾರೀಕು, ವಾರ ಎರಡೂ ಇರಬೇಕು.

ಇನ್ನೊಂದು, ಬಾಗಿಲು ಹಾಕುವ ಹೊತ್ತು. ಕಿಚ್ಚು ಹಾಯಿಸುವ ಊರಿನಲ್ಲಿ ಸಂಜೆ ಅಂಗಡಿಯವರೂ ಇರುವುದಿಲ್ಲ, ಗಿರಾಕಿಗಳೂ ಬರುವುದಿಲ್ಲ. ಬೆಳಗಿನ ಹೊತ್ತು ಪೂಜೆಗೆ ಹೋಗುತ್ತದೆ. ಹೀಗಾಗಿ ಹಬ್ಬದ ದಿನ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ತೆರೆಯುವುದು ಅನುಕೂಲ. ಹಿಂದಿನ ದಿನ ರಾತ್ರಿ 9ರವರೆಗೆ ತೆರೆದಿಟ್ಟು ಆ ಕೊರತೆಯನ್ನು ತುಂಬಬಹುದು. ಒಡವೆ ತೋರಿಸಿ, ತೂಗಿ, ಬಿಲ್ಲು ಹಾಕುವುದಕ್ಕೆ ಅರ್ಧ ಗಂಟೆಯಾದರೂ ಬೇಕು. 4ಕ್ಕೆ ಬಾಗಿಲು ಹಾಕಬೇಕಾದರೆ ‘ಮಧ್ಯಾಹ್ನ 3.30ರೊಳಗೆ ಬನ್ನಿ’ ಎಂದು ಮೊದಲೇ ಹೇಳಿದರೆ ಕೊನೆಯ ಗಳಿಗೆಯಲ್ಲಿ ಬಂದವರನ್ನು ಹಿಂದಕ್ಕೆ ಕಳಿಸುವ ಮುಜುಗರ ತಪ್ಪುತ್ತದೆ. ರಿಪೇರಿಗೆ ಕೊಟ್ಟ ಒಡವೆಗಳದ್ದೂ ಒಂದು ಮಾತು ಬೇಕು. ಹಬ್ಬಕ್ಕೆ ಅಕ್ಕಸಾಲಿಗರು ಕೆಲಸ ನಿಲ್ಲಿಸುತ್ತಾರೆ. ಕೊಂಡಿ ಹಾಕಲು ಕೊಟ್ಟ ಸರ ಹಬ್ಬದ ದಿನವೇ ಕತ್ತಿಗೆ ಬೇಕಾಗಿದ್ದರೆ ಅದನ್ನು ಯಾವ ದಿನದೊಳಗೆ ಒಯ್ಯಬೇಕೆಂಬುದು ಗಿರಾಕಿಗೆ ಗೊತ್ತಿರಬೇಕು.

ಮೂರನೆಯ ಭಾಗವಾದ ರಿಯಾಯಿತಿಯಲ್ಲಿ ತಪ್ಪು ತಿಳಿವಳಿಕೆಗೆ ಎಡೆ ಹೆಚ್ಚು. ಒಡವೆಯ ಬೆಲೆಯಲ್ಲಿ ಮುಖ್ಯವಾಗಿ ಮೂರು ಪಾಲು: ಚಿನ್ನದ ಬೆಲೆ, ಮಜೂರಿ, ಜಿಎಸ್‌ಟಿ. ಚಿನ್ನದ ದರ ದಿನದಿನವೂ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ, ಜಿಎಸ್‌ಟಿ ಸರ್ಕಾರದ್ದು. ಅಂಗಡಿಯ ಕೈಯಲ್ಲಿರುವುದು ಮಜೂರಿ ಮಾತ್ರ. ಆದ್ದರಿಂದ ಸಣ್ಣ ಅಂಗಡಿ ಕೊಡುವ ರಿಯಾಯಿತಿ ಸಾಮಾನ್ಯವಾಗಿ ಮಜೂರಿಯ ಮೇಲೆಯೇ ಇರುತ್ತದೆ.

ಲೆಕ್ಕ ಹೀಗೆ. 22 ಕ್ಯಾರೆಟ್ಟಿನ 8 ಗ್ರಾಂ ಜುಮುಕಿ. ಎಣಿಕೆ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ದರ, ನೂರಕ್ಕೆ 12ರಂತೆ ಮಜೂರಿ ಎಂದಿಟ್ಟುಕೊಂಡರೆ ಚಿನ್ನಕ್ಕೆ 80,000, ಮಜೂರಿಗೆ 9,600, ಒಟ್ಟು 89,600 ರೂಪಾಯಿ. ಅದರ ಮೇಲೆ ನೂರಕ್ಕೆ 3ರ ಜಿಎಸ್‌ಟಿ 2,688 ಸೇರಿ ಬಿಲ್ಲು 92,288 ಆಗುತ್ತದೆ. ಮಜೂರಿಯಲ್ಲಿ ಶೇಕಡಾ 10 ಬಿಟ್ಟರೆ ಕಡಿಮೆಯಾಗುವುದು 960 ರೂಪಾಯಿ. ಜಿಎಸ್‌ಟಿಯೂ ಅಷ್ಟರಮಟ್ಟಿಗೆ ಇಳಿದು ಬಿಲ್ಲು ಸುಮಾರು 91,299 ರೂಪಾಯಿಗೆ ಬರುತ್ತದೆ. ಗಿರಾಕಿಗೆ ಉಳಿದದ್ದು 989 ರೂಪಾಯಿ, ಎಂದರೆ ಬಿಲ್ಲಿನ ನೂರರಲ್ಲಿ ಒಂದು ಪಾಲು.

‘ಶೇಕಡಾ 10 ರಿಯಾಯಿತಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ‘ಮಜೂರಿಯ ಮೇಲೆ ಮಾತ್ರ’ ಎಂಬುದನ್ನು ಕೆಳಗೆ ಸಣ್ಣದಾಗಿ ಹಾಕಿದರೆ, ಓದಿದವರು ಒಂಬತ್ತು ಸಾವಿರ ಉಳಿಯುತ್ತದೆಂದು ನಂಬಿ ಬರುತ್ತಾರೆ. ಸಿಗುವುದು ಸಾವಿರದೊಳಗೆ. ‘ಮಜೂರಿಯಲ್ಲಿ ಶೇಕಡಾ 10 ಕಡಿಮೆ’ ಎಂದು ಒಂದೇ ಅಳತೆಯ ಅಕ್ಷರದಲ್ಲಿ ಒಟ್ಟಿಗೆ ಬರೆದರೆ ಈ ಸಮಸ್ಯೆಯೇ ಇರುವುದಿಲ್ಲ. ಕೆಲವು ಅಂಗಡಿಗಳು ಮಜೂರಿಯ ಜೊತೆಗೆ ವೇಸ್ಟೇಜ್ ಎಂದು ಬೇರೆ ಹಾಕುತ್ತವೆ. ಮಜೂರಿಯಲ್ಲಿ ಬಿಟ್ಟದ್ದನ್ನು ವೇಸ್ಟೇಜ್‌ನಲ್ಲಿ ಏರಿಸಿದರೆ ರಿಯಾಯಿತಿ ಬರೀ ಹೆಸರಿಗೆ ಉಳಿಯುತ್ತದೆ. ಗಿರಾಕಿ ಇದನ್ನು ಕಂಡುಕೊಳ್ಳುವ ದಾರಿ ಸರಳ: ಅದೇ ಒಡವೆಗೆ ರಿಯಾಯಿತಿ ಇಲ್ಲದ ಬಿಲ್ಲು ಎಷ್ಟು, ರಿಯಾಯಿತಿ ಸೇರಿದ ಬಿಲ್ಲು ಎಷ್ಟು ಎಂದು ಎರಡನ್ನೂ ಬರೆಸಿ ನೋಡುವುದು.

ಕಾನೂನೂ ಇದನ್ನೇ ಬಯಸುತ್ತದೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಷರತ್ತು ಹಾಕುವುದಕ್ಕೆ ಅವಕಾಶವಿಲ್ಲ.

ಹಳೆಯ ಒಡವೆಯನ್ನು ಉಚಿತವಾಗಿ ಶುಚಿ ಮಾಡಿಕೊಡುವುದು ಸಣ್ಣ ಅಂಗಡಿಗೆ ಹೊಂದುವ ಇನ್ನೊಂದು ಕೊಡುಗೆ. ಏನೂ ಕೊಳ್ಳದವರೂ ಇದಕ್ಕಾಗಿ ಬಂದು ಹೋಗಬಹುದು. ಇಲ್ಲಿ ‘ಪಾಲಿಶ್’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ತೊಳೆದರೆ ಕೊಳೆ ಹೋಗುತ್ತದೆ, ಚಿನ್ನ ಹೋಗುವುದಿಲ್ಲ. ಯಂತ್ರದ ಚಕ್ರಕ್ಕೆ ಹಿಡಿದು ಉಜ್ಜಿದರೆ ಹೊಳಪಿನ ಜೊತೆಗೆ ಸ್ವಲ್ಪ ಚಿನ್ನವೂ ಸವೆಯುತ್ತದೆ. ಉಚಿತವಾಗಿ ಕೊಡುವುದು ತೊಳೆಯುವ ಕೆಲಸವಾದರೆ ಹಾಗೆಯೇ ಬರೆಯಬೇಕು. ಕೊಡುವಾಗ ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ ಗಿರಾಕಿಯ ಕಣ್ಣೆದುರೇ ತೂಗಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಒಣಗದ ಒಡವೆಯಲ್ಲಿ ನೀರಿನ ತೂಕವೂ ಸೇರುವುದರಿಂದ ಚೆನ್ನಾಗಿ ಒರೆಸಿದ ಮೇಲೆಯೇ ಎರಡನೆಯ ಸಲ ತೂಗಬೇಕು. ಕೊಳೆ ಹೋದ ಮೇಲೆ ತೂಕ ಒಂದಿಷ್ಟು ಇಳಿಯಬಹುದೆಂಬುದನ್ನೂ ಮೊದಲೇ ತಿಳಿಸಬೇಕು.

ಇಷ್ಟನ್ನೂ ಸೇರಿಸಿ ಬರೆದ ಶುಭಾಶಯ ಹೀಗಿರಬಹುದು:

ಮಕರ ಸಂಕ್ರಾಂತಿಯ ಶುಭಾಶಯಗಳು.
ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ. ನಿಮ್ಮ ಕಣಜ ತುಂಬಿರಲಿ, ಮನೆಮಂದಿ ನೆಮ್ಮದಿಯಿಂದಿರಲಿ.

ಹಬ್ಬದ ದಿನಗಳಲ್ಲಿ ಅಂಗಡಿಯ ವೇಳೆ:
ಜನವರಿ 14, ಬುಧವಾರ: ಬೆಳಿಗ್ಗೆ 10ರಿಂದ ರಾತ್ರಿ 9
ಜನವರಿ 15, ಗುರುವಾರ: ಬೆಳಿಗ್ಗೆ 11ರಿಂದ ಸಂಜೆ 4 (ದಯವಿಟ್ಟು 3.30ರೊಳಗೆ ಬನ್ನಿ)
ಜನವರಿ 16, ಶುಕ್ರವಾರದಿಂದ: ಎಂದಿನಂತೆ ಬೆಳಿಗ್ಗೆ 10ರಿಂದ ರಾತ್ರಿ 8
ರಿಪೇರಿಗೆ ಕೊಟ್ಟ ಒಡವೆಗಳನ್ನು 14ರ ರಾತ್ರಿಯೊಳಗೆ ಒಯ್ಯಿರಿ.

ಜನವರಿ 14ರಿಂದ 25ರವರೆಗೆ ಚಿನ್ನದ ಒಡವೆಗಳ ಮಜೂರಿಯಲ್ಲಿ ಶೇಕಡಾ 10 ಕಡಿಮೆ. ಚಿನ್ನದ ದರ ಆಯಾ ದಿನದ್ದು. ನಾಣ್ಯಗಳಿಗೆ ಈ ರಿಯಾಯಿತಿ ಇಲ್ಲ.
ನಿಮ್ಮ ಹಳೆಯ ಒಡವೆಗಳನ್ನು ಉಚಿತವಾಗಿ ತೊಳೆದುಕೊಡುತ್ತೇವೆ; ಕೊಳ್ಳಲೇಬೇಕೆಂದಿಲ್ಲ.

ಇದರಲ್ಲಿ ‘ತ್ವರೆ ಮಾಡಿ’, ‘ಇಂದೇ ಕೊನೆ’ ಎಂಬ ಒತ್ತಾಯವಿಲ್ಲ. ರಿಯಾಯಿತಿ ಹಬ್ಬ ಕಳೆದು ಹತ್ತು ದಿನ ಮುಂದುವರಿಯುವುದರಿಂದ, ಧನುರ್ಮಾಸ ಮುಗಿಯಲೆಂದು ಕಾದವರಿಗೂ ಅದು ಸಿಗುತ್ತದೆ. 25 ಭಾನುವಾರವಾದ್ದರಿಂದ ಕೆಲಸಕ್ಕೆ ಹೋಗುವವರಿಗೂ ಕೊನೆಯ ದಿನ ಬಿಡುವಿರುತ್ತದೆ. ಆದರೆ ಭಾನುವಾರ ವಾರದ ರಜೆ ಇರುವ ಅಂಗಡಿ ಅವಧಿಯನ್ನು ಶನಿವಾರಕ್ಕೇ ಮುಗಿಸಬೇಕು. ಬಾಗಿಲು ಮುಚ್ಚಿರುವ ದಿನವನ್ನು ಕೊನೆಯ ದಿನವೆಂದು ಬರೆಯುವ ತಪ್ಪು ಕ್ಯಾಲೆಂಡರ್ ನೋಡದಿದ್ದರೆ ಸುಲಭವಾಗಿ ಆಗಿಬಿಡುತ್ತದೆ.

ಶುಭಾಶಯದಲ್ಲಿ ಬರೆದ ಮಾತು ಕೊನೆಗೆ ಬಿಲ್ಲಿನಲ್ಲಿ ಕಾಣಬೇಕು. ನಿವ್ವಳ ತೂಕ, ಶುದ್ಧತೆ, ಆ ದಿನದ ದರ, ಮಜೂರಿ, ಅದರಲ್ಲಿ ಬಿಟ್ಟ ಮೊತ್ತ, ಹಾಲ್‌ಮಾರ್ಕ್ ಶುಲ್ಕ, ಜಿಎಸ್‌ಟಿ ಬೇರೆಬೇರೆ ಸಾಲಿನಲ್ಲಿರಬೇಕು. ಕಲ್ಲು ಕೂರಿಸಿದ ಒಡವೆಯಾದರೆ ಕಲ್ಲಿನ ತೂಕ ಕಳೆದ ಮೇಲೆಯೇ ಚಿನ್ನದ ಲೆಕ್ಕ. ಹಾಲ್‌ಮಾರ್ಕ್ ಒಡವೆಯ ಮೇಲೆ ಬಿಐಎಸ್ ಗುರುತು, 22ಕೆ916ರಂಥ ಶುದ್ಧತೆಯ ಅಂಕಿ, ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರುತ್ತವೆ. ಆ ಸಂಖ್ಯೆಯನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂಬುದು ತಿಳಿಯುತ್ತದೆ. ಶುದ್ಧತೆ ರಿಯಾಯಿತಿಯ ವಿಷಯವಲ್ಲ, ಆದ್ದರಿಂದ ಶುಭಾಶಯದಲ್ಲಿ ಅದನ್ನು ಕೊಡುಗೆಯೆಂಬಂತೆ ಹೇಳುವ ಅಗತ್ಯವಿಲ್ಲ. ರಿಯಾಯಿತಿ ಇದ್ದಾಗಲೂ ಇಲ್ಲದಾಗಲೂ ಅದು ಒಡವೆಯಲ್ಲಿ ಇರಲೇಬೇಕಾದದ್ದು.