ಶೀರ್ಷಿಕೆಯ ಒಳಗೊಂದು ಪ್ರಶ್ನೆ: ಅನುದಾನದ ಅರ್ಜಿ ಎರಡು ಸಲ ಬರೆದ ಕಥೆ

ಹುಪರಿಗೆ ಬಂದವರು ಸಾಮಾನ್ಯವಾಗಿ ಕಾಲ್ಗೆಜ್ಜೆ ನೋಡಿ ಹೋಗುತ್ತಾರೆ. ವಿಜ್ಞಾನ ಶಿಕ್ಷಕರು ಬಂದರೆ ನಾನು ಬೆಳ್ಳಿ ಶುದ್ಧ ಮಾಡುವ ಜಾಗ ತೋರಿಸುತ್ತೇನೆ. ಹಳೆಯ ಚೂರು ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣದಲ್ಲಿ ತಾಮ್ರದ ತಗಡು ಇಟ್ಟರೆ ಬೆಳ್ಳಿ ಪುಡಿಯಾಗಿ ಕೆಳಗೆ ಕೂರುತ್ತದೆ, ನೀರು ನೀಲಿಯಾಗುತ್ತದೆ. ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆ ಕಣ್ಣೆದುರಿಗೇ ನಡೆಯುತ್ತದೆ. ಒಮ್ಮೆ ಈ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗ ಕೇಳಿದ: "ಸರ್, ಬೆಳ್ಳಿ ತಗದ ಮ್ಯಾಲೆ ಆ ನೀಲಿ ನೀರು ಎಲ್ಲಿಗೆ ಹೋಗ್ತೈತ್ರಿ?"

ಆ ಪ್ರಶ್ನೆಯಿಂದಲೇ ನಮ್ಮ ಯೋಜನೆ ಹುಟ್ಟಿತು. ಊರಿನ ಬಾವಿ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ, ಅದು ಎಲ್ಲಿಂದ ಬಂದಿರಬಹುದು ಎಂದು ಮಕ್ಕಳೊಂದಿಗೆ ಅಳೆಯುವುದು. ಪರೀಕ್ಷಾ ಪಟ್ಟಿ, ಬಾಟಲಿ, ಲ್ಯಾಬ್ ಶುಲ್ಕ ಎಲ್ಲಕ್ಕೂ ಹಣ ಬೇಕಿತ್ತು. ಒಂದು ಸಂಸ್ಥೆಗೆ ಅರ್ಜಿ ಹಾಕಿದೆ. ನಾಲ್ಕು ತಿಂಗಳ ನಂತರ ಒಂದೇ ಸಾಲಿನ ಉತ್ತರ ಬಂತು: ಉದ್ದೇಶಗಳಿಗೂ ಕಾರ್ಯಯೋಜನೆಗೂ ಸಂಬಂಧ ಕಾಣುತ್ತಿಲ್ಲ.

ಮೊದಲು ಸಿಟ್ಟು ಬಂತು. ಎಂಟು ಪುಟ ಬರೆದಿದ್ದೆ, ಎಲ್ಲ ಅದರಲ್ಲೇ ಇತ್ತಲ್ಲ! ಒಂದು ವಾರ ಬಿಟ್ಟು ಓದಿದಾಗ ಗೊತ್ತಾಯಿತು: ಎಲ್ಲ ಇತ್ತು, ಆದರೆ ಯಾವುದೂ ತನ್ನ ಜಾಗದಲ್ಲಿ ಇರಲಿಲ್ಲ. ಸಂಸ್ಥೆ ಕೊಟ್ಟ ಶೀರ್ಷಿಕೆಗಳನ್ನು ನಾನು ಖಾಲಿ ಡಬ್ಬಿಗಳೆಂದು ತಿಳಿದು, ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತುಂಬಿದ್ದೆ.

ನಮಗೆ ಬಂದ ನಮೂನೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿಎಸ್‌ಟಿ, ಸಂಶೋಧನಾ ಯೋಜನೆಗಳಿಗೆ ಬಳಸುತ್ತ ಬಂದಿರುವ ನಮೂನೆಯ ತಮ್ಮನಂತಿತ್ತು. ಅದರ ಮುಖ್ಯ ಶೀರ್ಷಿಕೆಗಳು ಹೀಗಿವೆ: ಪ್ರಸ್ತಾವನೆಯ ಮೂಲ, ಈ ವಿಷಯದಲ್ಲಿ ಹೊರದೇಶದಲ್ಲೂ ನಮ್ಮ ದೇಶದಲ್ಲೂ ಈವರೆಗೆ ಆಗಿರುವ ಕೆಲಸ, ಸ್ಥಳಕ್ಕೆ ಸಂಬಂಧಿಸಿದ ಯೋಜನೆಯಾದರೆ ಆ ಸ್ಥಳ ಆರಿಸಿದ ಕಾರಣ, ಉದ್ದೇಶಗಳು, ಕೆಲಸದ ವಿಧಾನ, ಪಟ್ಟಿ ನಕ್ಷೆಯಲ್ಲಿ ಕಾಲಾನುಕ್ರಮ, ಬಂದ ಫಲಿತಾಂಶವನ್ನು ಬಳಸುವ ಬಗೆ. ಇಂಗ್ಲಿಷಿನಲ್ಲಿ ಓದಿದಾಗ ಇವು ಬರೀ ಸರಕಾರಿ ಪದ. ಕನ್ನಡದಲ್ಲಿ ಒಂದೊಂದನ್ನೂ ಪ್ರಶ್ನೆ ಮಾಡಿ ಬರೆದುಕೊಂಡೆ. ಇದು ನಿಮಗೆ ಯಾಕೆ ಹೊಳೆಯಿತು? ಬೇರೆಯವರು ಈಗಾಗಲೇ ಏನು ಕಂಡಿದ್ದಾರೆ, ಏನು ಉಳಿದಿದೆ? ಇಲ್ಲೇ ಯಾಕೆ? ಕೊನೆಗೆ ಯಾವ ಉತ್ತರ ಕೈಗೆ ಬರುತ್ತದೆ? ಆ ಉತ್ತರ ಹೇಗೆ ಪಡೆಯುತ್ತೀರಿ? ಯಾವಾಗ? ಪಡೆದ ಮೇಲೆ ಯಾರಿಗೆ ಹೇಳುತ್ತೀರಿ?

ಆಮೇಲೆ ಮಾಡಿದ್ದು ಸರಳ ಕೆಲಸ. ಹಳೆಯ ಅರ್ಜಿಯ ಪ್ರಿಂಟ್ ತೆಗೆದು ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದಕ್ಷರ ಹಾಕಿದೆ. ಹಿನ್ನೆಲೆಯಾದರೆ 'ಹಿ', ಉದ್ದೇಶವಾದರೆ 'ಉ', ಕಾರ್ಯಯೋಜನೆಯಾದರೆ 'ಕಾ'. ಯಾವುದಕ್ಕೂ ಸೇರದಿದ್ದರೆ ಸೊನ್ನೆ. 'ವಿಧಾನ' ಎಂಬ ಶೀರ್ಷಿಕೆಯ ಕೆಳಗೆ ಅರ್ಧ ಪುಟ 'ಹಿ' ಸಿಕ್ಕಿತು: ಬೆಳ್ಳಿ ಉದ್ಯಮದ ಇತಿಹಾಸ. 'ಪ್ರಸ್ತಾವನೆಯ ಮೂಲ'ದಲ್ಲಿ 'ಕಾ' ಸಿಕ್ಕಿತು: ಬಾಟಲಿ ಹೇಗೆ ತೊಳೆಯುತ್ತೇವೆ ಎಂದು. ವಿಜ್ಞಾನದ ಮಹತ್ವ ಹೇಳುವ ಮೊದಲ ಪುಟಕ್ಕೆ ಪೂರ್ತಿ ಸೊನ್ನೆ. ಸೊನ್ನೆ ಬಂದದ್ದನ್ನೆಲ್ಲ ಹೊಡೆದುಹಾಕಿದೆ, ಉಳಿದದ್ದನ್ನು ಕತ್ತರಿಸಿ ಅದರದರ ಶೀರ್ಷಿಕೆಯ ಕೆಳಗೆ ಅಂಟಿಸಿದೆ. ಈ ಕೆಲಸಕ್ಕೆ ಒಂದು ಭಾನುವಾರ ಸಾಕು.

ಅಂಟಿಸಿ ಮುಗಿದಾಗ ಒಂದು ಶೀರ್ಷಿಕೆಯ ಕೆಳಗೆ ಏನೂ ಇರಲಿಲ್ಲ: ಈವರೆಗೆ ಆಗಿರುವ ಕೆಲಸ. ನನಗೆ ನಿಜವಾದ ಪಾಠ ಸಿಕ್ಕಿದ್ದು ಇಲ್ಲೇ.

ಆ ಖಾಲಿ ತುಂಬಲು ಓದಲೇಬೇಕಾಯಿತು. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕೋಮ್ಲಿ ಎಂಬ ವೈದ್ಯರು ಬಾವಿ ನೀರಿನ ನೈಟ್ರೇಟಿಗೂ ಹಸುಗೂಸುಗಳ ಮೈ ನೀಲಿಗಟ್ಟುವ ಕಾಯಿಲೆಗೂ ಇರುವ ನಂಟನ್ನು ವರದಿ ಮಾಡಿದ್ದರು. ನಮ್ಮಲ್ಲಿ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಈ ಮಿತಿ ದಾಟಿದ ಬಾವಿಗಳಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ತೋರಿಸುತ್ತವೆ. ಕಾರಣಗಳಲ್ಲಿ ರಸಗೊಬ್ಬರದ ಜೊತೆ ಮತ್ತೊಂದು ಹೆಸರು ಮತ್ತೆಮತ್ತೆ ಬರುತ್ತದೆ: ಮನೆಗಳ ಶೌಚಗುಂಡಿ.

ನಾನು ಹಣೆ ಬಡಿದುಕೊಂಡೆ. ಮೊದಲ ಅರ್ಜಿಯಲ್ಲಿ ಹನ್ನೆರಡು ಬಾವಿ ಆರಿಸಿದ್ದೆ. ಆರು ಬೆಳ್ಳಿ ಕೆಲಸದ ಓಣಿಗಳಲ್ಲಿ, ಆರು ಕಬ್ಬಿನ ಗದ್ದೆಗಳಲ್ಲಿ. ಬೆಳ್ಳಿ ಕೆಲಸ ನಡೆಯುವುದು ಊರೊಳಗೆ, ಶೌಚಗುಂಡಿ ಇರುವುದೂ ಊರೊಳಗೆ. ಓಣಿಯ ಬಾವಿಯಲ್ಲಿ ನೈಟ್ರೇಟ್ ಜಾಸ್ತಿ ಬಂದಿದ್ದರೆ ಅದು ಆಮ್ಲದ್ದೋ ಗುಂಡಿಯದೋ ಎಂದು ಹೇಳುವ ದಾರಿಯೇ ಇರಲಿಲ್ಲ. ಬೆಳ್ಳಿಯವರ ಮೇಲೆ ಸುಮ್ಮನೆ ಅಪವಾದ ಹೊರಿಸಿದಂತಾಗುತ್ತಿತ್ತು. ಖಾಲಿ ಇದ್ದ ಶೀರ್ಷಿಕೆ ನನ್ನ ಪ್ರಯೋಗದ ತಪ್ಪನ್ನು ಹಿಡಿದುಕೊಟ್ಟಿತು.

ಹಾಗಾಗಿ ಗುಂಪು ಮೂರಾದವು: ಬೆಳ್ಳಿ ಕೆಲಸದ ಹತ್ತಿರದ ನಾಲ್ಕು ಬಾವಿ, ಊರೊಳಗೇ ಇದ್ದರೂ ಆ ಕೆಲಸದಿಂದ ದೂರದ ನಾಲ್ಕು, ಗದ್ದೆಯ ನಾಲ್ಕು. ಜೊತೆಗೊಂದು ಸುಳಿವು ಸೇರಿಸಿದೆವು. ಶುದ್ಧೀಕರಣದ ನೀರಿನಲ್ಲಿ ನೈಟ್ರೇಟಿನ ಜೊತೆ ತಾಮ್ರವೂ ಇರುತ್ತದೆ, ನೀಲಿ ಬಣ್ಣ ಅದರದ್ದೇ. ಮೊದಲ ಗುಂಪಿನಲ್ಲಿ ಮಾತ್ರ ತಾಮ್ರ ಹೆಚ್ಚಿದ್ದರೆ ಒಂದು ಸಾಕ್ಷಿ ಸಿಕ್ಕಂತೆ. ಇಲ್ಲದಿದ್ದರೆ ಆಮ್ಲದ ಪಾತ್ರ ಇಲ್ಲ ಎಂದು ಹೇಳಲಾಗದು, ಏಕೆಂದರೆ ತಾಮ್ರ ಮಣ್ಣಿನಲ್ಲೇ ಹಿಡಿದು ನಿಲ್ಲಬಹುದು, ನೈಟ್ರೇಟ್ ಮಾತ್ರ ನೀರಿನ ಜೊತೆ ಇಳಿಯುತ್ತದೆ. ಈ ಮಿತಿಯನ್ನೂ ಅರ್ಜಿಯಲ್ಲಿ ಬರೆದೆವು.

ಈಗ ಹಿನ್ನೆಲೆಗೊಂದು ಕೊನೆ ಸಿಕ್ಕಿತು. ಹಿನ್ನೆಲೆ ಮುಗಿಯಬೇಕಾದದ್ದು ಉಳಿದಿರುವ ಪ್ರಶ್ನೆಯಲ್ಲಿ. ಉದ್ದೇಶ ಶುರುವಾಗಬೇಕಾದದ್ದೂ ಅದೇ ಪ್ರಶ್ನೆಯಿಂದ. ನಮ್ಮ ಹಿನ್ನೆಲೆಯ ಕೊನೆಯ ವಾಕ್ಯ ಹೀಗಾಯಿತು: "ಗೊಬ್ಬರ, ಶೌಚಗುಂಡಿ, ಬೆಳ್ಳಿ ಶುದ್ಧೀಕರಣ ಮೂರೂ ಒಂದೇ ಊರಲ್ಲಿರುವ ಹುಪರಿಯಲ್ಲಿ ಈ ಮೂರು ಬಗೆಯ ಬಾವಿಗಳ ನೈಟ್ರೇಟನ್ನು ಹೋಲಿಸಿ ನೋಡಬೇಕಾಗಿದೆ." ಸ್ಥಳ ಆರಿಸಿದ ಕಾರಣಕ್ಕೂ ಉತ್ತರ ಇದೇ ಆಯಿತು. ಮೊದಲು ಅಲ್ಲಿ ನಾನು ಬರೆದದ್ದು "ನಮ್ಮ ಶಾಲೆ ಇಲ್ಲಿದೆ" ಎಂದು!

ಉದ್ದೇಶಗಳ ಕಥೆ ಕೇಳ್ರಿ. ಹಳೆಯ ಅರ್ಜಿಯಲ್ಲಿ ಐದಿದ್ದವು: ವೈಜ್ಞಾನಿಕ ಮನೋಭಾವ ಬೆಳೆಸುವುದು, ಪರಿಸರ ಜಾಗೃತಿ ಮೂಡಿಸುವುದು, ನೀರಿನ ಸಮಸ್ಯೆ ಬಗೆಹರಿಸುವುದು, ಇತ್ಯಾದಿ. ಇವು ಗುರಿಗಳು, ದೂರದವು. ಉದ್ದೇಶ ಎಂದರೆ ಯೋಜನೆ ಮುಗಿದ ದಿನ 'ಆಯಿತು' ಅಥವಾ 'ಆಗಲಿಲ್ಲ' ಎಂದು ಬೆರಳಿಟ್ಟು ತೋರಿಸಬಹುದಾದದ್ದು. ಹೊಸ ಅರ್ಜಿಯಲ್ಲಿ ಎರಡೇ ಉಳಿದವು:

ಉದ್ದೇಶ 1: ಮೂರು ಗುಂಪಿನ ಹನ್ನೆರಡು ಬಾವಿಗಳಲ್ಲಿ ವರ್ಷದ ನಾಲ್ಕು ಸುತ್ತು ನೈಟ್ರೇಟ್ ಅಳೆಯುವುದು.

ಉದ್ದೇಶ 2: ಗುಂಪುಗಳ ನಡುವೆ ನೈಟ್ರೇಟಿನಲ್ಲೂ ತಾಮ್ರದಲ್ಲೂ ವ್ಯತ್ಯಾಸ ಇದೆಯೇ ಎಂದು ನೋಡುವುದು.

'ಮೂಲ ಪತ್ತೆ ಹಚ್ಚುವುದು' ಎಂದು ಬರೆಯಲು ಕೈ ತುರಿಸುತ್ತಿತ್ತು. ಬರೆಯಲಿಲ್ಲ. ಗುಂಪಿಗೆ ನಾಲ್ಕೇ ಬಾವಿ ಇಟ್ಟುಕೊಂಡು ಅಷ್ಟು ದೊಡ್ಡ ಮಾತು ಆಡಲಾಗದು. ಉದ್ದೇಶದ ಕ್ರಿಯಾಪದವನ್ನು ನಿಮ್ಮ ಉಪಕರಣ ಹೊರಬಲ್ಲದೇ ಎಂದು ನೋಡಿಕೊಳ್ಳಿ.

ಕಾರ್ಯಯೋಜನೆಯ ಪ್ರತಿ ಕೆಲಸದ ಮುಂದೆ ಅದು ಯಾವ ಉದ್ದೇಶಕ್ಕೆ ಎಂದು ಸಂಖ್ಯೆ ಹಾಕಿದೆವು. ಹನ್ನೆರಡು ಬಾವಿ, ನಾಲ್ಕು ಸುತ್ತು, ಒಟ್ಟು 48 ಮಾದರಿ. ಪ್ರತಿ ಮಾದರಿಗೆ ಎರಡು ಪಟ್ಟಿ, ಅಂದರೆ 96 ಪಟ್ಟಿ: ಉದ್ದೇಶ 1. ನಮ್ಮಲ್ಲಿದ್ದ ಪಟ್ಟಿಯ ಡಬ್ಬಿ ಮೇಲಿನ ಬಣ್ಣಗಳು 25ರಿಂದ ನೇರ 50ಕ್ಕೆ ಹಾರುತ್ತವೆ. 45ರ ಮಿತಿ ದಾಟಿದೆಯೋ ಇಲ್ಲವೋ ಎಂದು ಅದರಿಂದ ಖಚಿತವಾಗಿ ಹೇಳಲಾಗದು. ಅದಕ್ಕೆ ಮಳೆಗಾಲದ ನಂತರದ ಸುತ್ತಿನ ಹನ್ನೆರಡೂ ಮಾದರಿಗಳನ್ನು ಲ್ಯಾಬಿಗೆ ಕಳಿಸಿ ನೈಟ್ರೇಟ್, ತಾಮ್ರ ಎರಡನ್ನೂ ಅಳೆಸುವುದು: ಉದ್ದೇಶ 1 ಮತ್ತು 2. ಹೀಗೆ ಸಂಖ್ಯೆ ಹಾಕುವಾಗ ಒಂದು ಲ್ಯಾಪ್‌ಟಾಪಿಗೂ ಒಂದು ವಿಚಾರ ಸಂಕಿರಣಕ್ಕೂ ಸಂಖ್ಯೆಯೇ ಸಿಗಲಿಲ್ಲ. ಎರಡೂ ಖರ್ಚಿನ ಪಟ್ಟಿಯಿಂದಲೂ ಹೋದವು. ಬಹುಶಃ ಪರಿಶೀಲಕರ ಕಣ್ಣಿಗೆ ಮೊದಲು ಬಿದ್ದದ್ದೂ ಅವೇ.

ಕಾಲಾನುಕ್ರಮದಲ್ಲಿ ಇನ್ನೊಂದು ತೊಡಕಿದೆ. ನಮೂನೆ 'ತಿಂಗಳು 1, ತಿಂಗಳು 2' ಎಂದು ಕೇಳುತ್ತದೆ, ಮಂಜೂರಾತಿಯಿಂದ ಲೆಕ್ಕ. ಆದರೆ ಹಣ ಯಾವಾಗ ಬಂದರೂ ಮಳೆ ಜೂನಿನಲ್ಲೇ ಬರುತ್ತದೆ, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ಆದ್ದರಿಂದ ಸುತ್ತುಗಳನ್ನು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಎಂದು ಇಟ್ಟು, ನಕ್ಷೆಯ ಕೆಳಗೆ ಒಂದು ಸಾಲು ಸೇರಿಸಿದೆವು: "ಮಂಜೂರಾತಿ ಯಾವ ತಿಂಗಳಲ್ಲಿ ಬಂದರೂ ಮುಂದೆ ಬರುವ ಸುತ್ತಿನಿಂದ ಆರಂಭಿಸಿ ನಾಲ್ಕು ಸುತ್ತು ಮುಗಿಸುತ್ತೇವೆ."

ಕೊನೆಯ ಶೀರ್ಷಿಕೆ, ಫಲಿತಾಂಶದ ಬಳಕೆ. ಇಲ್ಲಿ 'ಜಾಗೃತಿ ಜಾಥಾ' ಎಂದು ಬರೆದು ಮುಗಿಸಿದ್ದೆ. ಎರಡನೆಯ ಸಲ ಬರೆಯುವಾಗ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಸರ್, ನಮ್ಮ ಬಾವ್ಯಾಗ ಜಾಸ್ತಿ ಬಂದ್ರ ನಮ್ಮಪ್ಪನ ಕೆಲಸ ಬಂದ್ ಮಾಡಸ್ತಾರೇನ್ರಿ?" ಅವರಪ್ಪ ಬೆಳ್ಳಿ ಶುದ್ಧ ಮಾಡುವವರು. ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ಆ ಉತ್ತರವೇ ಅರ್ಜಿಗೆ ಹೋಯಿತು: ಬಾವಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ, ಪ್ರತಿ ಬಾವಿಯ ಫಲಿತಾಂಶ ಮೊದಲು ಆ ಮನೆಯವರ ಕೈಗೆ, 45 ದಾಟಿದ ಕಡೆ ಆ ನೀರನ್ನು ಹಸುಗೂಸುಗಳಿಗೆ ಕೊಡಬೇಡಿ, ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ ಎಂದು ಅದೇ ದಿನ ಹೇಳುವುದು, ಊರಿಗೆ ಹೇಳುವುದು ಗುಂಪಿನ ಲೆಕ್ಕ ಮಾತ್ರ. ಅವರಪ್ಪ ಅದನ್ನು ಓದಿಸಿ ಕೇಳಿ, ತಮ್ಮ ಬಾವಿಯನ್ನೂ ಸೇರಿಸಿಕೊಳ್ಳಿ ಎಂದರು.

ಎಂಟು ಪುಟ ಐದಾಯಿತು. ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ ನೋಡ್ರಿ. ಹಿನ್ನೆಲೆಯ ಕೊನೆಯ ವಾಕ್ಯ, ಉದ್ದೇಶಗಳು, ಕೆಲಸಗಳ ಪಟ್ಟಿ, ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಸಮಾಜ ವಿಜ್ಞಾನ ಕಲಿಸುವ ಸಹೋದ್ಯೋಗಿಗೆ ಕೊಟ್ಟು, "ಈ ಕೆಲಸ ಯಾಕೆ ಮಾಡ್ತಿದೀವಿ, ಹೇಳ್ರಿ" ಎಂದೆ. ಮೊದಲ ಸಲ ಅವರು ಜನವರಿ ಸುತ್ತಿನ ಹತ್ತಿರ ತಡವರಿಸಿದರು, ಯಾಕೆಂದರೆ ನಾಲ್ಕು ಸುತ್ತು ಯಾಕೆ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಮಳೆ ನೀರು ಇಳಿದಾಗ ನೈಟ್ರೇಟ್ ಏರಬಹುದು, ತೆಳುವಾಗಲೂಬಹುದು, ಅದಕ್ಕೆ ಒಂದೇ ಸುತ್ತು ಸಾಲದು ಎಂಬ ಒಂದು ವಾಕ್ಯ ಹಿನ್ನೆಲೆಗೆ ಸೇರಿಸಿದೆ. ಎರಡನೆಯ ಸಲ ಎಲ್ಲೂ ನಿಲ್ಲದೆ ಹೇಳಿದರು.

ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಬಾವಿಗಳ ಸಂಖ್ಯೆ ಬರೆದ ಹನ್ನೆರಡು ಬಾಟಲಿ ಮಾತ್ರ ಪ್ರಯೋಗಾಲಯದ ಕಪಾಟಿನಲ್ಲಿ ತೊಳೆದು ಇಟ್ಟಿವೆ.