ತಿಪ್ಪೆಯೊಳಗಿನ ತತ್ತಿ ಯಾರದು?

ಮುಂಗಾರಿಗೆ ಮುನ್ನ ಹೊಲಕ್ಕೆ ಗೊಬ್ಬರ ಹೇರುವ ದಿನಗಳಲ್ಲಿ ನಮ್ಮ ಬೇವೂರಿನ ಸುತ್ತ ತಿಪ್ಪೆಗಳು ಒಂದೊಂದಾಗಿ ಬಾಯಿ ತೆರೆಯುತ್ತವೆ. ವರ್ಷವಿಡೀ ಹಾಕಿದ ಸಗಣಿ, ಜೋಳದ ಕಣಿಕೆ, ಕಸಕಡ್ಡಿ ಕೊಳೆತು ಒಳಗೆ ಬೆಚ್ಚಗೆ, ತೇವವಾಗಿ ಇರುತ್ತದೆ. ಹೊರಗೆ ನೆಲ ಕಾದ ಹಂಚಿನಂತಿರುವಾಗ ಮೊಟ್ಟೆ ಇಡಲು ಇದಕ್ಕಿಂತ ಒಳ್ಳೆಯ ಜಾಗ ಹಾವಿಗೆ ಸಿಗುವುದು ಕಷ್ಟ. ಹೀಗಾಗಿ ಸಲಿಕೆಯ ಬಾಯಿಗೆ ಬಿಳಿ ಮೊಟ್ಟೆಗಳ ಗೊಂಚಲು ಸಿಗುವುದು ಅಪರೂಪವೇನಲ್ಲ.

ಹಿಂದೆ ಇಂಥ ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು ಶಾಲೆಗೇ ತರುತ್ತಿದ್ದರು. ಈಗ ಮೊಬೈಲಿನಲ್ಲಿ ಫೋಟೊ ಬರುತ್ತದೆ. ಅದರ ಹಿಂದೆಯೇ ಪ್ರಶ್ನೆ: “ಮಾಸ್ತರ, ಇವು ಹಾವಿನ ತತ್ತಿ ಏನ್ರಿ? ಒಡೆದು ಹಾಕ್ಲ್ಯೋ, ಬಿಡ್ಲ್ಯೋ?” ಮೊಟ್ಟೆ ತರುವುದಕ್ಕಿಂತ ಫೋಟೊ ಕಳಿಸುವುದೇ ಮೇಲು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ಫೋಟೊದಲ್ಲಿ ಏನನ್ನು ನೋಡಬೇಕು ಎಂಬುದು ಗೊತ್ತಿರಬೇಕು.

ಮೊದಲು ನೋಡಬೇಕಾದದ್ದು ಚಿಪ್ಪನ್ನು. ಹಕ್ಕಿಯ ಮೊಟ್ಟೆಯ ಚಿಪ್ಪು ಸುಣ್ಣದ್ದು, ಗಡುಸು. ಹಾವು, ಓತಿಕ್ಯಾತ, ಉಡಗಳ ಮೊಟ್ಟೆಯ ಹೊದಿಕೆ ತೊಗಲಿನಂತೆ ಮೆತ್ತಗಿರುತ್ತದೆ. ಇದನ್ನು ತಿಳಿಯಲು ಬೆರಳಿನಿಂದ ಒತ್ತಬೇಕಿಲ್ಲ. ಎರಡು ಮೊಟ್ಟೆಗಳು ಒಂದಕ್ಕೊಂದು ತಾಗಿದ ಜಾಗವನ್ನು ಗಮನಿಸಿರಿ. ಮೆತ್ತನೆಯವಾದರೆ ಅಲ್ಲಿ ಒತ್ತಿಕೊಂಡು ಚಪ್ಪಟೆಯಾಗಿರುತ್ತವೆ. ಗಡುಸಾದವು ಗೋಲಿಗಳಂತೆ ಒಂದು ಬಿಂದುವಿನಲ್ಲಿ ಮಾತ್ರ ತಾಗಿರುತ್ತವೆ. ಮೆತ್ತನೆಯ ಮೊಟ್ಟೆ ಸುತ್ತಲಿನ ತೇವವನ್ನು ಹೀರಿ ದಿನಗಳೆದಂತೆ ಉಬ್ಬುತ್ತದೆ, ತೇವ ಆರಿದರೆ ತಗ್ಗು ಬೀಳುತ್ತದೆ. ಆದ್ದರಿಂದ ತಗ್ಗು ಬಿದ್ದ ಮೊಟ್ಟೆಯೆಲ್ಲ ಸತ್ತ ಮೊಟ್ಟೆಯಲ್ಲ.

ಎರಡನೆಯದು ಅಳತೆ. ಬರೀ ಮೊಟ್ಟೆಯ ಫೋಟೊದಿಂದ ಅದರ ಗಾತ್ರ ತಿಳಿಯದು. ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಟ್ಟರೆ ಸಾಕು, ಅದರ ಅಡ್ಡಳತೆ 27 ಮಿಲಿಮೀಟರ್. ನಾಣ್ಯವನ್ನು ಕೋಲಿನ ತುದಿಯಿಂದ ಸರಿಸಿ ಮೊಟ್ಟೆಯ ಮಟ್ಟದಲ್ಲೇ ಇಡಬೇಕು. ಅದು ಕ್ಯಾಮೆರಾಕ್ಕೆ ಹತ್ತಿರವಿದ್ದರೆ ಮೊಟ್ಟೆ ಇದ್ದುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಫೋಟೊವನ್ನು ನೇರ ಮೇಲಿನಿಂದ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಫ್ಲ್ಯಾಶ್ ಬೆಳಕಿನಲ್ಲಿ ತೊಗಲಿನ ಹೊದಿಕೆಯೂ ಗಡುಸು ಚಿಪ್ಪಿನಂತೆ ಹೊಳೆಯುತ್ತದೆ.

ಇಂಥ ಒಂದು ಫೋಟೊವನ್ನು ಇಲ್ಲಿ ಬಿಡಿಸಿ ನೋಡೋಣ. ತಿಪ್ಪೆಯ ಒಂದು ಮೂಲೆ, ಸುಮಾರು ಒಂದು ಅಡಿ ಆಳ. ಬಿಳಿ, ಉದ್ದನೆಯ ಮೊಟ್ಟೆಗಳು. ಕಣ್ಣಿಗೆ ಕಾಣುವವು ಹನ್ನೊಂದು, ಕೆಳಗೆ ಇನ್ನಷ್ಟು ಇರುವಂತಿದೆ. ಪರದೆಯ ಮೇಲೆ ಅಳತೆಪಟ್ಟಿ ಇಟ್ಟರೆ ನಾಣ್ಯ 18 ಮಿ.ಮೀ., ಮೊಟ್ಟೆಯ ಉದ್ದ 32 ಮಿ.ಮೀ. ಮೂವತ್ತೆರಡನ್ನು ಹದಿನೆಂಟರಿಂದ ಭಾಗಿಸಿ 27ರಿಂದ ಗುಣಿಸಿದರೆ 48 ಮಿ.ಮೀ. ಅಂದರೆ ಮೊಟ್ಟೆಯ ನಿಜವಾದ ಉದ್ದ ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ.

ಇದು ಜವಾರಿ ಕೋಳಿಯದಿರಬಹುದೇ? ಗಾತ್ರದಲ್ಲಿ ಹತ್ತಿರವಿದೆ, ಕೋಳಿಗಳು ತಿಪ್ಪೆಯಲ್ಲಿ ಕದ್ದು ಮೊಟ್ಟೆ ಇಡುವುದೂ ಉಂಟು. ಆದರೆ ಕೋಳಿಯ ಮೊಟ್ಟೆಗೆ ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ. ಇಲ್ಲಿ ಎರಡೂ ತುದಿಗಳು ಒಂದೇ ಬಗೆ. ಮೇಲಾಗಿ ಕೋಳಿ ಕಾವು ಕೊಡುವುದು ಮೈಯಿಂದ, ಆದ್ದರಿಂದ ಅದು ಮೊಟ್ಟೆಯನ್ನು ಹೂಳುವುದಿಲ್ಲ. ನಿಕೋಬಾರ್ ದ್ವೀಪಗಳ ಮೆಗಪೋಡ್ ಎಂಬ ಹಕ್ಕಿ ಮಣ್ಣು, ಎಲೆಗಳ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆ ಹೂಳುತ್ತದೆ. ನಮ್ಮ ಸೀಮೆಯಲ್ಲಿ ಅಂಥ ಹಕ್ಕಿಯಿಲ್ಲ. ಹೊಲದ ಬಯಲಿನಲ್ಲಿ ಮೊಟ್ಟೆ ಇಡುವ ಟಿಟ್ಟಿಭವೂ ನೆಲದ ಮೇಲೆಯೇ ಇಡುತ್ತದೆ. ಆ ಮೊಟ್ಟೆಗಳಿಗೆ ಕಪ್ಪು ಮಚ್ಚೆಗಳಿರುತ್ತವೆ.

ಆಮೆಯದೇ? ಕೆರೆ, ಕಾಲುವೆಗಳ ಕೆಸರಿನಲ್ಲಿರುವ ನಮ್ಮ ಸಾಮಾನ್ಯ ಆಮೆಯ ಮೊಟ್ಟೆ ಗುಂಡಗೆ, ಗಡುಸಾಗಿ, ಸುಮಾರು ಮೂರು ಸೆಂಟಿಮೀಟರ್ ಅಡ್ಡಳತೆಯದು. ಅದು ಸಿಗುವುದು ನೀರಿನ ದಂಡೆಯ ಮಣ್ಣಿನಲ್ಲಿ. ಅದೂ ಅಲ್ಲ.

ಓತಿಕ್ಯಾತ ಮಳೆಯ ನಂತರ ಹಸಿ ಮಣ್ಣಿನಲ್ಲಿ ಕುಣಿ ತೋಡಿ ಹತ್ತಿಪ್ಪತ್ತು ಮೆತ್ತನೆಯ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ತಟ್ಟಿ ಹೋಗುತ್ತದೆ. ಆದರೆ ಅವು ದೊಡ್ಡ ಶೇಂಗಾ ಬೀಜದಷ್ಟು ಮಾತ್ರ, ಒಂದಕ್ಕೊಂದು ಅಂಟಿರುವುದಿಲ್ಲ. ಮನೆಯ ಹಲ್ಲಿಯ ಮೊಟ್ಟೆ ಇನ್ನೂ ಸಣ್ಣದು, ಗುಂಡಗೆ, ಗಡುಸು. ಗೋಡೆಯ ಸಂದಿಯಲ್ಲಿ ಎರಡೇ ಎರಡು. ಇನ್ನುಳಿದದ್ದು ಉಡ. ಅದರ ಮೊಟ್ಟೆ ಗಾತ್ರದಲ್ಲೂ ಮೆತ್ತಗಿರುವುದರಲ್ಲೂ ಇವಕ್ಕೆ ಸಮ. ಆದರೆ ಅದು ಸಾಮಾನ್ಯವಾಗಿ ಬಿಲದಲ್ಲೋ ಹುತ್ತದಲ್ಲೋ ಇಡುತ್ತದೆ, ಮೊಟ್ಟೆಗಳು ಬಿಡಿಬಿಡಿಯಾಗಿರುತ್ತವೆ.

ನಮ್ಮ ಫೋಟೊದಲ್ಲಿ ಅವು ಬೆಲ್ಲದ ಉಂಡೆಯಂತೆ ಒಟ್ಟಿಗೆ ಅಂಟಿವೆ. ಅನೇಕ ಹಾವುಗಳ ಮೊಟ್ಟೆ ಹೊರಬೀಳುವಾಗ ಅಂಟಂಟಾಗಿದ್ದು, ಆರಿದ ಮೇಲೆ ಬಿಡಿಸಲು ಬಾರದಂತೆ ಕೂಡಿಕೊಳ್ಳುತ್ತದೆ. ಇದು ಬಲವಾದ ಗುರುತು. ಆದರೆ ತಿರುವುಮುರುವಾಗಿ ಹೇಳಲಾಗದು: ಅಂಟದೆ ಬಿಡಿಯಾಗಿ ಬಿದ್ದ ಮೊಟ್ಟೆಗಳು ಹಾವಿನವಲ್ಲ ಎಂದು ತೀರ್ಮಾನಿಸುವಂತಿಲ್ಲ.

ಸರಿ, ಹಾವಿನದು. ಯಾವ ಹಾವಿನದು? ಫೋಟೊದ ಮಿತಿ ಇಲ್ಲಿಗೆ ಮುಗಿಯುತ್ತದೆ. ನಾಗರಹಾವಿನ ಮೊಟ್ಟೆಯೂ ಹೆಚ್ಚುಕಡಿಮೆ ಇಷ್ಟೇ ಉದ್ದ, ಕೇರೆಹಾವಿನದೂ ಇಷ್ಟೇ ಉದ್ದ. ಬಣ್ಣ, ಆಕಾರ ಎರಡರಲ್ಲೂ ಒಂದೇ. ಒಂದು ವಿಷದ ಹಾವು, ಇನ್ನೊಂದು ಇಲಿ ಹಿಡಿದು ರೈತನ ಕಾಳು ಉಳಿಸುವ ಸಾಧು ಹಾವು. ಮೊಟ್ಟೆ ನೋಡಿ ಖಚಿತವಾಗಿ ಇಂಥದ್ದೇ ಎನ್ನುವವರ ಮಾತನ್ನು ನಂಬಬೇಡಿರಿ. ಒಂದನ್ನು ಮಾತ್ರ ಹೇಳಬಹುದು: ಇದು ಕೊಳಕುಮಂಡಲದ್ದಲ್ಲ, ಗರಗಸಮಂಡಲದ್ದಲ್ಲ, ಮಣ್ಣುಮುಕ್ಕ ಹಾವಿನದೂ ಅಲ್ಲ. ನಮ್ಮ ಸೀಮೆಯ ಈ ಮೂರೂ ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ.

ಯಾವುದೆಂದು ತಿಳಿಯದಿರುವಾಗ ನಾಗರವೆಂದೇ ಬಗೆದು ನಡೆಯುವುದು ಕ್ಷೇಮ. ನಾಗರ ಮೊಟ್ಟೆ ಇಟ್ಟು ಸುಮ್ಮನೆ ಹೋಗುವ ಹಾವಲ್ಲ, ತಾಯಿ ಹತ್ತಿರದಲ್ಲೇ ಇರಬಹುದು. ಆ ಮೂಲೆಗೆ ಕೈ ಹಾಕಬಾರದು, ಬರಿಗಾಲಲ್ಲಿ ನಿಲ್ಲಬಾರದು. ಕೆದರಿದ ಗೊಬ್ಬರವನ್ನೇ ಉದ್ದ ಹಿಡಿಕೆಯ ಸಲಿಕೆಯಿಂದ ಮೆಲ್ಲಗೆ ಮೊಟ್ಟೆಯ ಮೇಲೆ ಎಳೆದು, ನಾಲ್ಕು ಮೊಳದಷ್ಟು ಜಾಗ ಬಿಟ್ಟು, ಉಳಿದ ತಿಪ್ಪೆಯನ್ನು ಹೇರಿಕೊಳ್ಳಬಹುದು. ಮಕ್ಕಳಾಡುವ ಅಂಗಳದ ಮಗ್ಗುಲಲ್ಲೇ ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಒಡೆಯುವುದು ಕಾನೂನಿಗೂ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಅದರ ಮೊಟ್ಟೆಯೂ ಸೇರುತ್ತದೆ.

ಮೊಟ್ಟೆಗಳನ್ನು ಎತ್ತಿ ಬೇರೆಡೆ ಇಟ್ಟರೆ ಪುಣ್ಯ ಬಂದೀತು ಎನ್ನುವವರೂ ಇದ್ದಾರೆ. ಇದು ಕೋಳಿಯ ಲೆಕ್ಕದಿಂದ ಬಂದ ಮಾತು. ಕೋಳಿ ತನ್ನ ಮೊಟ್ಟೆಯನ್ನು ದಿನವೂ ಹೊರಳಿಸುತ್ತದೆ, ಹೊರಳಿಸಲೇಬೇಕು. ಹಾವು, ಆಮೆಗಳ ಮೊಟ್ಟೆಯಲ್ಲಿ ಭ್ರೂಣವು ಮೇಲುಭಾಗದಲ್ಲಿ ನೆಲೆ ನಿಂತು ಬೆಳೆಯುತ್ತದೆ. ಅದನ್ನು ಮಗುಚಿಟ್ಟರೆ ಒಳಗಿನ ಜೀವ ಸಾಯಬಹುದು. ಬುಟ್ಟಿಯಲ್ಲಿ ಶಾಲೆಗೆ ಬರುವುದಕ್ಕಿಂತ ಫೋಟೊ ಮೇಲು ಎಂದದ್ದು ಇದಕ್ಕೇ.

ಬಿಟ್ಟ ಮೊಟ್ಟೆಗಳು ಸುಮಾರು ಎರಡು ತಿಂಗಳಿಗೆ ಒಡೆಯುತ್ತವೆ. ಬೇಸಿಗೆಯ ಕೊನೆಗೆ ಇಟ್ಟವಾದರೆ ಅದು ಹೆಚ್ಚುಕಡಿಮೆ ನಾಗರಪಂಚಮಿಯ ಹೊತ್ತು. ಹುಟ್ಟಿದ ದಿನದಿಂದಲೇ ನಾಗರನ ಮರಿಗೆ ವಿಷವುಂಟು. ಸಣ್ಣದೆಂದು ಸಲಿಗೆ ಬೇಡ. ಕಚ್ಚಿದರೆ ಮಂತ್ರ, ನಾಟಿ ಮದ್ದು ಎನ್ನದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಮರಿಗಳು ಹೋದವೇ ಎಂದು ತಿಳಿಯಲು ಖಾಲಿ ಹೊದಿಕೆಗಳನ್ನು ನೋಡಿರಿ. ಕೋಳಿಯ ಚಿಪ್ಪಿನಂತೆ ಚೂರಾಗಿರುವುದಿಲ್ಲ. ಬ್ಲೇಡಿನಿಂದ ಸೀಳಿದಂಥ ಗೀರುಗಳಿದ್ದು, ಗಾಳಿ ಹೋದ ಬಲೂನಿನಂತೆ ಕುಸಿದಿರುತ್ತವೆ. ಎಲ್ಲವೂ ಹಾಗೆ ಕುಸಿದು ಒಣಗಿದ ಮೇಲೆ, ಕಾಲಿಗೆ ಬೂಟು ಹಾಕಿಕೊಂಡು, ಆ ಮೂಲೆಯ ಗೊಬ್ಬರವನ್ನೂ ಹೊಲಕ್ಕೆ ಹೇರಬಹುದು.